ಊರು ಕೇಳಬಹುದು, ಗದ್ದೆ ಕೇಳಬಾರದು

'ಹ್ವಾಯ್, ಎಲ್ಲಾಯ್ತ್ ನಿಮ್ಗ್?'

ಕುಂದಾಪುರದ ಬಸ್ಸಿನಲ್ಲಿ ಪಕ್ಕದ ಸೀಟಿನವರು ಹೀಗೆ ಕೇಳಿದರೆ ಬೆಂಗಳೂರಿನಲ್ಲಿ ಬೆಳೆದ ತರುಣರು ಒಂದು ಕ್ಷಣ ಗೊಂದಲಕ್ಕೆ ಬೀಳುತ್ತಾರೆ. ಏನು ಆಗಬೇಕಿತ್ತು, ಎಲ್ಲಿ ಆಯಿತು ಎಂಬುದು ಅವರಿಗೆ ಹೊಳೆಯುವುದಿಲ್ಲ. ನಿಮ್ಮ ಊರು ಯಾವ ಕಡೆಯದು ಎಂದಷ್ಟೇ ಅದರ ಅರ್ಥವೆಂದು ತಿಳಿಸಿದರೆ ಗೊಂದಲ ಹೋಗಿ ಅನುಮಾನ ಹುಟ್ಟುತ್ತದೆ. ಊರು ಕೇಳುವುದೆಂದರೆ ಜಾತಿ ಕೇಳುವ ಹಿಂಬಾಗಿಲಲ್ಲವೇ ಎಂಬ ಅನುಮಾನ. ಈ ಅನುಮಾನಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಆದರೆ ಬೈಂದೂರಿನಿಂದ ಬ್ರಹ್ಮಾವರದವರೆಗಿನ ನಮ್ಮ ಕರಾವಳಿಯಲ್ಲಿ ಆ ಪ್ರಶ್ನೆ ಮಾಡುವ ಕೆಲಸವೇ ಬೇರೆ. ಅಪರಿಚಿತರು ಪರಸ್ಪರ ಎಷ್ಟು ಹತ್ತಿರ ಬರಬೇಕೆಂಬುದನ್ನು ಅವರವರೇ ತೀರ್ಮಾನಿಸಿಕೊಳ್ಳಲು ಅದು ಅವಕಾಶ ಕೊಡುತ್ತದೆ.

ಬ್ಯಾಂಕೊಂದರ ಕೌಂಟರಿನ ಹಿಂದೆ ಮೂರು ದಶಕ ಕಳೆದವನು ನಾನು. ಅದರ ಬಹುಪಾಲು ಈ ಮೂರು ಊರುಗಳ ಸುತ್ತಮುತ್ತಲ ಶಾಖೆಗಳಲ್ಲೇ ಸಂದಿತು. ಹೊಸ ಖಾತೆ ತೆರೆಯಲು ಬಂದವರು ಅರ್ಜಿ ತುಂಬುವ ತನಕ ಎದುರು ಕುಳಿತಿರುತ್ತಾರೆ. ಆ ಹತ್ತು ನಿಮಿಷ ಏನಾದರೂ ಮಾತಾಡಲೇಬೇಕು. ಯಾವ ಮಾತಿಗೆ ಮುಖ ಅರಳುತ್ತದೆ, ಯಾವ ಮಾತಿಗೆ ಪೆನ್ನಿನ ಕಡೆಗೆ ದೃಷ್ಟಿ ಇಳಿಯುತ್ತದೆ ಎಂಬುದನ್ನು ಗಮನಿಸುವುದು ಆ ಕೆಲಸದ ಭಾಗವೇ ಆಗಿತ್ತು. ನಿವೃತ್ತಿಯ ನಂತರ ಈಗ ಅದೇ ಗಮನ ಬಸ್ಸಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಮುಂದುವರಿದಿದೆ.

'ಎಲ್ಲಾಯ್ತ್' ಎಂಬುದಕ್ಕೆ ಬರುವ ಉತ್ತರವನ್ನು ಏಣಿಗೆ ಹೋಲಿಸಬಹುದು. 'ಬೈಂದೂರು ಬದಿ' ಎಂದರೆ ಅದು ಮೊದಲ ಮೆಟ್ಟಿಲು. ಬೈಂದೂರು ಮತ್ತು ಬ್ರಹ್ಮಾವರ ಪ್ರತ್ಯೇಕ ತಾಲ್ಲೂಕುಗಳಾಗಿ ಕೆಲಸ ಆರಂಭಿಸಿದ್ದು 2018ರಲ್ಲಿ. ಅದಕ್ಕೆ ಮೊದಲು ಒಂದು ಕುಂದಾಪುರದಲ್ಲೂ ಇನ್ನೊಂದು ಉಡುಪಿಯಲ್ಲೂ ಸೇರಿದ್ದವು. ಹಾಗಾಗಿ ತಾಲ್ಲೂಕಿನ ಹೆಸರಿನಿಂದ ಇಲ್ಲಿ ಯಾರ ಗುರುತೂ ಹತ್ತುವುದಿಲ್ಲ. 'ಉಪ್ಪುಂದ' ಎಂದರೆ ಎರಡನೆಯ ಮೆಟ್ಟಿಲು. 'ಉಪ್ಪುಂದ ದೇವಸ್ಥಾನದಿಂದ ಕೆಳಗೆ, ಕಡಲ ಬದಿಗೆ ಹೋಗುವ ದಾರಿ' ಎಂದರೆ ಮೂರನೆಯದು; ಇಷ್ಟು ಹೇಳಿದವರು ನಿಮ್ಮೊಡನೆ ಮಾತಾಡಲು ಸಿದ್ಧರಿದ್ದಾರೆ. ಇನ್ನೂ ಮುಂದೆ ಹೋಗಿ ಮನೆಯ ಹೆಸರನ್ನೇ ಹೇಳಿದರೆ, ನಿಮಗೆ ಗೊತ್ತಿರುವ ಯಾರನ್ನೋ ತಮಗೂ ಗೊತ್ತಿರಬಹುದೆಂದು ಅವರೇ ಹುಡುಕಾಟ ಆರಂಭಿಸಿದ್ದಾರೆಂದು ತಿಳಿಯಬೇಕು.

ಇಲ್ಲಿ ಪಾಲಿಸಬೇಕಾದ ನಿಯಮ ಒಂದೇ. ಅವರು ನಿಂತ ಮೆಟ್ಟಿಲಿನಲ್ಲಿ ನೀವೂ ನಿಲ್ಲಬೇಕು. 'ಬೈಂದೂರು ಬದಿ' ಎಂದವರಿಗೆ 'ಬೈಂದೂರಿನಲ್ಲಿ ಎಲ್ಲಿ? ಯಾವ ಮನೆ? ಯಾರ ಪೈಕಿ?' ಎಂದು ಬೆನ್ನು ಹತ್ತಿದರೆ ಕುಶಲ ವಿಚಾರಣೆ ಹೋಗಿ ಪೊಲೀಸ್ ವಿಚಾರಣೆಯಾಗುತ್ತದೆ. 'ಯಾರ ಪೈಕಿ' ಎಂಬ ಪ್ರಶ್ನೆಯಂತೂ ನೇರವಾಗಿ ಕುಟುಂಬಕ್ಕೆ, ಅಲ್ಲಿಂದ ಬಳಿಗೆ, ಅಲ್ಲಿಂದ ಜಾತಿಗೆ ಹೋಗಿ ಮುಟ್ಟುತ್ತದೆ. ಅದು ಸಂಬಂಧ ಕುದುರಿಸುವ ಹಿರಿಯರ ಪ್ರಶ್ನೆಯೇ ಹೊರತು ಬಸ್ಸಿನ ಸಹಪ್ರಯಾಣಿಕರದ್ದಲ್ಲ. ಎದುರಿನವರು ಎರಡು ಮೆಟ್ಟಿಲು ಹತ್ತಿದರೆ ನೀವೂ ನಿಮ್ಮ ಊರನ್ನು ಎರಡು ಮೆಟ್ಟಿಲಿನಷ್ಟು ಹೇಳಬೇಕು; ಕೇಳಿದ್ದಕ್ಕೆ ಸಮನಾಗಿ ಕೊಡದೆ ಬರೀ ಕೇಳುತ್ತ ಹೋಗುವವರನ್ನು ನಮ್ಮವರು ದಲ್ಲಾಳಿಗಳೆಂದೇ ಭಾವಿಸುತ್ತಾರೆ.

ಅಂದಹಾಗೆ, ಹೊರಟು ನಿಂತವರನ್ನು 'ಎಲ್ಲಿಗೆ' ಎಂದು ಕೇಳುವುದು ಶುಭವಲ್ಲವೆಂಬ ನಂಬಿಕೆ ನಾಡಿನ ಉಳಿದೆಡೆಯಂತೆ ಇಲ್ಲಿಯೂ ಇದೆ. ಹಿರಿಯರು 'ದೂರ ಹೊರಟದ್ದಾ' ಎಂದಷ್ಟೇ ಕೇಳುತ್ತಾರೆ. ನಂಬಿಕೆಯ ಮಾತು ಹಾಗಿರಲಿ, ಈ ಮಾತಿನ ರಚನೆಯನ್ನು ನೋಡಿ: 'ಹೌದು, ಸ್ವಲ್ಪ ದೂರ' ಎಂದು ಮುಗಿಸಲು ಅದರಲ್ಲಿ ಜಾಗವಿದೆ. ಆಸ್ಪತ್ರೆಗೆ ಹೊರಟವರಿಗೆ, ಕೋರ್ಟಿಗೆ ಹೊರಟವರಿಗೆ, ಮಗಳ ಮನೆಯ ಜಗಳ ಬಗೆಹರಿಸಲು ಹೊರಟವರಿಗೆ ಆ ಜಾಗ ಬೇಕಾಗುತ್ತದೆ.

ಇನ್ನು 'ಹ್ವಾಯ್' ಎಂಬ ಸಂಬೋಧನೆಯ ಬಗ್ಗೆ ಒಂದೆರಡು ಮಾತು. ಘಟ್ಟದ ಮೇಲಿನವರು ಇದನ್ನು ಒರಟು ಕೂಗೆಂದು ತಪ್ಪು ತಿಳಿಯುವುದುಂಟು. ವಾಸ್ತವವಾಗಿ ಅದು ಗೌರವದ ಕರೆ. ಅದರ ಬೆನ್ನಿಗೆ ಬರುವ ಕ್ರಿಯಾಪದ ಬಹುವಚನದಲ್ಲೇ ಇರುತ್ತದೆ. ಈ ಸೀಮೆಯಲ್ಲಿ ಪರಿಚಿತರನ್ನು ಗೌರವದಿಂದ ಕರೆಯುವ ರೂಢಿ ಯಾವುದೆಂದರೆ ಶೆಟ್ರೆ, ಭಟ್ರೆ, ಪೈಗಳೆ, ಪೂಜಾರ್ರೆ, ಆಚಾರ್ರೆ ಎಂಬಂತೆ ಕುಲನಾಮಕ್ಕೆ ಬಹುವಚನ ಹಚ್ಚುವುದು. ಅಂದರೆ ಮರ್ಯಾದೆ ಕೊಡಬೇಕಾದರೆ ಜಾತಿ ಗೊತ್ತಿರಬೇಕು, ಜಾತಿಯನ್ನಂತೂ ಕೇಳುವ ಹಾಗಿಲ್ಲ. ಈ ಇಕ್ಕಟ್ಟಿನಿಂದ ಪಾರು ಮಾಡುವ ಶಬ್ದವೇ ಹ್ವಾಯ್. ಅದಕ್ಕೆ ಜಾತಿಯಿಲ್ಲ, ಮತವಿಲ್ಲ. 'ಮಾರಾಯ್ರೆ' ಎಂಬುದೂ ಹಾಗೆಯೇ, ಆದರೆ ಅದನ್ನು ನಾಲ್ಕು ಮಾತು ಕಳೆದ ಮೇಲೆ ಬಳಸುವುದು ಲೇಸು. ಹೆಂಗಸರ ನಡುವೆ ಅಕ್ಕ, ಅಮ್ಮ ಎಂಬ ಸಂಬಂಧವಾಚಕಗಳು ಇದೇ ಕೆಲಸ ಮಾಡುತ್ತವೆ.

ಊಹಿಸಿ ಕರೆಯಲು ಹೋಗುವುದು ಅಪಾಯ. ನಾಯಕ್ ಎಂಬ ಹೆಸರಿನವರು ಕೊಂಕಣಿ ಮಾತಾಡುವ ಗೌಡ ಸಾರಸ್ವತರಿರಬಹುದು, ಬೇರೆ ಸಮುದಾಯದವರೂ ಇರಬಹುದು. ಶಿರಸಿಯ ಹೆಗಡೆಯವರು ಹವ್ಯಕರು, ನಮ್ಮ ಕಡೆಯ ಹೆಗ್ಡೆಯವರು ಬಂಟರು. ಕ್ರೈಸ್ತರೆಂದ ಕೂಡಲೇ ಮಂಗಳೂರಿನ ಲೆಕ್ಕದಲ್ಲಿ ಕ್ಯಾಥೊಲಿಕ್ ಎಂದುಕೊಳ್ಳುವುದು ಬ್ರಹ್ಮಾವರದಲ್ಲಿ ನಡೆಯುವುದಿಲ್ಲ. ಅಲ್ಲಿ ಸಂತ ಮೇರಿಯ ಸಿರಿಯನ್ ಆರ್ಥೊಡಾಕ್ಸ್ ಸಭೆಯ ದೊಡ್ಡ ಸಮುದಾಯವೇ ಇದೆ.

ಮಾತು ಮುಂದೆ ಹೇಗೆ ಸಾಗುತ್ತದೆಂಬುದಕ್ಕೆ ಒಂದು ಪ್ರಯಾಣವನ್ನೇ ನೋಡೋಣ. ಒಂದು ಜುಲೈ ತಿಂಗಳ ಬೆಳಿಗ್ಗೆ ಬೈಂದೂರಿನಿಂದ ಕುಂದಾಪುರಕ್ಕೆ ಬರುತ್ತಿದ್ದೆ. ಉಪ್ಪುಂದದಲ್ಲಿ ಐವತ್ತರ ಆಸುಪಾಸಿನವರೊಬ್ಬರು ಹತ್ತಿ ಪಕ್ಕದಲ್ಲಿ ಕುಳಿತರು. ಕೊಡೆ ಎಲ್ಲಿಡಬೇಕೆಂದು ಅವರು ಹುಡುಕಾಡಿದಾಗ ನಾನು ಕಾಲು ಸರಿಸಿದೆ. 'ಈ ಮಳಿ ಬಿಡೂ ಲೆಕ್ಕ ಇಲ್ಲೆ ಅಲ್ದಾ' ಎಂದರು. 'ಆರ್ದ್ರೆ ಒಣಗಿ ಹೋಯ್ತ್, ಈಗ ಸಮಾ ಹಿಡ್ಕಂಡಿತ್' ಎಂದೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಮಳೆಯ ಮಾತು ಇಂಗ್ಲೆಂಡಿನವರ ಹವಾಮಾನದ ಮಾತಿನಂತೆ ಬರೀ ಶಿಷ್ಟಾಚಾರವಲ್ಲ. ಇಲ್ಲಿ ಮಳೆಗೆ ನಕ್ಷತ್ರದ ಹೆಸರಿದೆ, ಹೋದ ವರ್ಷದ ನೆನಪಿದೆ, ಬಾವಿಯ ನೀರಿನ ಮಟ್ಟದ ಲೆಕ್ಕವಿದೆ. ಆರ್ದ್ರೆ ಎಂದು ಹೆಸರು ಹಿಡಿದು ಹೇಳಿದವನಿಗೆ ಬೇಸಾಯದ ಮನೆಯ ಒಡನಾಟವಿದೆಯೆಂದು ಎದುರಿನವರಿಗೆ ತಾನಾಗಿ ತಿಳಿಯುತ್ತದೆ. 'ನಟ್ಟಿ ಆಯ್ತಾ ನಿಮ್ದ್?' ಎಂದು ಅವರು ಕೇಳಿದ್ದು ಆ ಧೈರ್ಯದಿಂದಲೇ. ನಮ್ಮದು ಈಗ ಬೇಸಾಯವಿಲ್ಲ, ಅಣ್ಣನ ಮನೆಯಲ್ಲಿ ಆಯಿತು ಎಂದೆ. ತಮ್ಮಲ್ಲಿ ಆಳು ಸಿಗದೆ ಯಂತ್ರದಿಂದ ನಾಟಿ ಮಾಡಿಸಿದ್ದನ್ನು, ಯಂತ್ರ ಕೆಸರಿನಲ್ಲಿ ಹೂತು ಅರ್ಧ ದಿನ ನಿಂತದ್ದನ್ನು ಅವರು ವಿವರಿಸಿದರು. ನಾಗೂರು, ಕಿರಿಮಂಜೇಶ್ವರ ಕಳೆದದ್ದು ಗೊತ್ತಾಗಲಿಲ್ಲ.

ಆಳು ಸಿಗದಿರುವುದು, ಹೆದ್ದಾರಿಯ ಕಾಮಗಾರಿ, ಕರೆಂಟು ಹೋಗುವುದು ಇವೆಲ್ಲ ನಿಶ್ಚಿಂತೆಯಿಂದ ಎತ್ತಬಹುದಾದ ದೂರುಗಳು. ಕುಂದಾಪುರದ ಶಾಸ್ತ್ರಿ ವೃತ್ತದ ಮೇಲ್ಸೇತುವೆ ವರ್ಷಗಟ್ಟಲೆ ಅರ್ಧಕ್ಕೆ ನಿಂತಿದ್ದ ಕಾಲದಲ್ಲಿ ಅದರ ಕೆಳಗಿನ ಧೂಳು ತಿಂದವರೆಲ್ಲರಿಗೂ ಅದೊಂದು ಸಮಾನ ವಿಷಯವಾಗಿತ್ತು. ಸೇತುವೆ ಮುಗಿದ ಮೇಲೆ ಬಸ್ಸಿನಲ್ಲಿ ಮಾತಿಗೊಂದು ವಿಷಯ ಕಡಿಮೆಯಾಯಿತೆಂದೇ ನನಗನಿಸಿತ್ತು. ದೂರು ಸುರಕ್ಷಿತವಾಗಬೇಕಾದರೆ ಅದರ ಗುರಿ ಬಸ್ಸಿನ ಹೊರಗಿರಬೇಕು, ಮತ್ತು ಅದಕ್ಕೆ ಮುಖವಿರಬಾರದು. ಅದೇ ಮೇಲ್ಸೇತುವೆಯ ವಿಷಯದಲ್ಲಿ ಯಾವ ಶಾಸಕ, ಯಾವ ಪಕ್ಷ ಎಂದು ಒಬ್ಬರು ಹೆಸರೆತ್ತಿದ ಕ್ಷಣವೇ ಉಳಿದವರು ಕಿಟಕಿಯ ಹೊರಗೆ ನೋಡತೊಡಗುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಮರವಂತೆ ಬಂತು. ಹೆದ್ದಾರಿಯ ಒಂದು ಪಕ್ಕಕ್ಕೆ ಕಡಲು, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕಾ ನದಿ ಇರುವ ಈ ಜಾಗದಲ್ಲಿ ಹೊರಗಿನವರು ಫೋಟೊ ತೆಗೆಯುತ್ತಾರೆ. ಊರಿನವರು ಕಡಲು ನೋಡಿ ಮೀನಿನ ಮಾತಿಗೆ ಬರುತ್ತಾರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ದಡದ ಸಮೀಪ ನಾಡದೋಣಿಯವರು ಹಿಡಿದದ್ದೇ ಮೀನು, ಅವರು ಹೇಳಿದ್ದೇ ಬೆಲೆ. 'ಬಂಗ್ಡಿ ಕ್ರಯ ಕೇಂಡ್ರಾ?' ಎಂದು ಅವರು ನಿಟ್ಟುಸಿರುಬಿಟ್ಟರು.

ಮೀನು ಸುರಕ್ಷಿತ ವಿಷಯವೇ? ಅರ್ಧ ಮಾತ್ರ. ಮೀನಿನ ಬೆಲೆಯನ್ನು ಕುರಿತು ಯಾರೊಡನೆಯೂ ಮಾತಾಡಬಹುದು. ಜನ್ಮದಲ್ಲಿ ಮೀನು ಮುಟ್ಟದ ಸಾಲಿಗ್ರಾಮದ ಅಡಿಗೆ ಭಟ್ಟರಿಗೂ ಬೈಗೆ ಎಷ್ಟಕ್ಕೆ ಹೋಯಿತು, ಅಂಜಲ್ ಎಷ್ಟಕ್ಕೆ ಏರಿತು ಎಂಬುದು ಗೊತ್ತಿರುತ್ತದೆ. ಮೀನು ಬಾರದಿದ್ದರೆ ಪೇಟೆಯಲ್ಲಿ ದುಡ್ಡು ಓಡಾಡುವುದಿಲ್ಲ ಎಂಬುದು ಅಂಗಡಿ ಇಟ್ಟವರೆಲ್ಲರ ಅನುಭವ. ಆದರೆ 'ನೀವು ಮೀನು ತಿಂತ್ರಾ?' ಎಂಬುದು ಬೆಲೆಯ ಮಾತಲ್ಲ, ಜಾತಿಯ ಪ್ರಶ್ನೆ. ಚಟ್ಲಿ ಸುಕ್ಕದ ರುಚಿಯನ್ನು ಬಣ್ಣಿಸುವುದು ಕೂಡ ಎದುರಿನವರಾಗಿ ಊಟದ ಮಾತೆತ್ತಿದ ಮೇಲೆಯೇ ಸರಿ. ದೋಣಿಯಿಂದ ಇಳಿದವರೊಡನೆ ಮತ್ತೊಂದು ಎಚ್ಚರವಿದೆ. 'ಇವತ್ತು ಎಷ್ಟು ಸಿಕ್ಕಿತು' ಎಂದು ನೇರವಾಗಿ ಕೇಳುವವರನ್ನು ಅವರು ಇಷ್ಟಪಡುವುದಿಲ್ಲ. ಕಣ್ಣು ಬೀಳುತ್ತದೆಂಬ ಭಯ ಒಂದು ಕಡೆ. ದೋಣಿ ಮತ್ತು ಬಲೆಯ ಮೇಲಿನ ಸಾಲ, ದುಡಿದವರ ಪಾಲು ಇವುಗಳ ಲೆಕ್ಕವನ್ನು ಬೀದಿಯಲ್ಲಿ ಬಿಚ್ಚಬೇಕಾದೀತೆಂಬ ಸಂಕೋಚ ಇನ್ನೊಂದು ಕಡೆ. 'ಕಡಲು ಹ್ಯಾಂಗಿತ್ತ್' ಎಂದು ಕೇಳಿದರೆ ಅವರಾಗಿಯೇ ಹೇಳಬೇಕಾದಷ್ಟನ್ನು ಹೇಳುತ್ತಾರೆ.

ತ್ರಾಸಿ ದಾಟಿದ ಮೇಲೆ ಮಾತು ಯಕ್ಷಗಾನಕ್ಕೆ ಹೊರಳಿತು. ನನ್ನ ಮಟ್ಟಿಗೆ ಈ ಸೀಮೆಯ ಅಪರಿಚಿತರ ನಡುವಣ ಮಾತಿಗೆ ಇದಕ್ಕಿಂತ ಒಳ್ಳೆಯ ವಿಷಯ ಇನ್ನೊಂದಿಲ್ಲ. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ಸೌಕೂರು, ಹಟ್ಟಿಯಂಗಡಿ ಎಂದು ದೇವಸ್ಥಾನಗಳ ಹೆಸರಿನಲ್ಲೇ ಮೇಳಗಳಿವೆ. ಹರಕೆ ಹೊತ್ತವರು ಆಟ ಆಡಿಸುತ್ತಾರೆ, ಮಂದಾರ್ತಿಯಂಥ ಕಡೆ ಅದಕ್ಕಾಗಿ ವರ್ಷಗಟ್ಟಲೆ ಕಾಯುತ್ತಾರೆ. 'ನಿಮ್ಮ ಬದಿ ಈ ವರ್ಷ ಯಾವ ಮೇಳದ ಆಟ ಇತ್ತು?' ಎಂದು ಕೇಳಿದರೆ ಹರಕೆ ಏಕೆ ಹೊತ್ತರೆಂಬ ಖಾಸಗಿ ಸಂಗತಿಗೆ ಕೈಹಾಕದೆಯೇ ಮಾತು ತೆರೆದುಕೊಳ್ಳುತ್ತದೆ. ಹರಕೆಯ ಕಾರಣವನ್ನು ಮಾತ್ರ ಎಂದೂ ಕೇಳಬಾರದು. ಅದರ ಹಿಂದೆ ಒಂದು ಕಾಯಿಲೆಯೋ ಮಕ್ಕಳಿಲ್ಲದ ಕೊರಗೋ ಇರುತ್ತದೆ.

ಯಕ್ಷಗಾನದ ಇನ್ನೊಂದು ಉಪಕಾರವೆಂದರೆ ಅಲ್ಲಿ ಭಿನ್ನಾಭಿಪ್ರಾಯಕ್ಕೆ ಹೆದರಬೇಕಿಲ್ಲ. ಹಾರಾಡಿ ಮತ್ತು ಮಟಪಾಡಿ ಎರಡೂ ಬ್ರಹ್ಮಾವರದ ಮಗ್ಗುಲಿನ ಊರುಗಳೇ; ಬಡಗುತಿಟ್ಟಿನ ಎರಡು ಶೈಲಿಗಳಿಗೆ ಅವುಗಳ ಹೆಸರು ಅಂಟಿಕೊಂಡಿದೆ. ಹಾರಾಡಿ ರಾಮ ಗಾಣಿಗರ ಗತ್ತು ದೊಡ್ಡದೋ ಮಟಪಾಡಿ ವೀರಭದ್ರ ನಾಯಕರ ಕುಣಿತ ದೊಡ್ಡದೋ ಎಂದು ಅವರಿಬ್ಬರನ್ನೂ ರಂಗಸ್ಥಳದಲ್ಲಿ ಕಂಡಿರದ ತಲೆಮಾರಿನವರು ಕೂಡ ವಾದ ಮಾಡುತ್ತಾರೆ. 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರು ಭಾಗವತಿಕೆಯನ್ನು ಬೆಳೆಸಿದರೋ ಜನಪ್ರಿಯತೆಗೆ ಒಡ್ಡಿದರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನನ್ನ ಸಹಪ್ರಯಾಣಿಕರು ಬೆಳೆಸಿದರೆಂಬ ಪಕ್ಷದವರು. ನಾನು ಸ್ವಲ್ಪ ಎದುರು ವಾದಿಸಿದೆ. ಹಿಂದಿನ ಸೀಟಿನಿಂದ ಮೂರನೆಯವರೊಬ್ಬರು ಬಗ್ಗಿ, ತಾವು ಹುಡುಗನಾಗಿದ್ದಾಗ ಟೆಂಟಿನ ಆಟದಲ್ಲಿ ನಾವಡರ ಪದ ಕೇಳಿದ್ದನ್ನು ಹೇಳಿದರು. ಜಗಳವಾಡಿಯೂ ಮುನಿಸು ಬಾರದ ವಿಷಯ ಎಲ್ಲ ಊರುಗಳಿಗೂ ಇರುವುದಿಲ್ಲ.

ದೈವದ ಮಾತು ಹಾಗಲ್ಲ. ಕುಂದಾಪುರ ತಾಲ್ಲೂಕಿನ ಕೆರಾಡಿಯಲ್ಲಿ ಚಿತ್ರೀಕರಣಗೊಂಡ 'ಕಾಂತಾರ' 2022ರಲ್ಲಿ ತೆರೆಕಂಡ ಮೇಲೆ ಹೊರಗಿನಿಂದ ಬಂದವರು ಮಾತು ಆರಂಭಿಸುವುದೇ ಅದರಿಂದ. ಸಿನಿಮಾ ನೋಡಿದಿರಾ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಅದರ ಹೆಮ್ಮೆ ಇಲ್ಲಿನವರಿಗೂ ಇದೆ. ಅದರ ಬೆನ್ನಿಗೇ 'ಕೋಲ ಎಲ್ಲಿ ನೋಡಬಹುದು, ವಿಡಿಯೊ ಮಾಡಲು ಬಿಡುತ್ತಾರಾ' ಎಂದು ಕೇಳಿದರೆ, ಅಥವಾ ಆ ಕೂಗನ್ನು ಅನುಕರಿಸಿ ತೋರಿಸಿದರೆ, ಎದುರಿನವರ ಮುಖ ಮುಚ್ಚಿಕೊಳ್ಳುತ್ತದೆ. ಮನೆಯ ದೈವಕ್ಕೆ ನಡೆದುಕೊಳ್ಳುವವರಿಗೆ ಅದು ನೋಟದ ವಸ್ತುವಲ್ಲ. ಕುಂದಗನ್ನಡವನ್ನು ಅಣಕಿಸುವುದೂ ಇದೇ ಜಾತಿಯ ತಪ್ಪು. ನಿಮ್ಮ ಭಾಷೆ ಚೆಂದ ಎನ್ನಬಹುದು, ಶಬ್ದವೊಂದರ ಅರ್ಥ ಕೇಳಬಹುದು. ಸಿನಿಮಾದ ಹಾಸ್ಯಪಾತ್ರದ ಧಾಟಿಯಲ್ಲಿ 'ಎಂತ ಮಾರಾಯ' ಎಂದು ರಾಗ ಎಳೆದರೆ ಅದನ್ನು ಮೆಚ್ಚುಗೆಯೆಂದು ಯಾರೂ ಸ್ವೀಕರಿಸುವುದಿಲ್ಲ. ಕುಂದಾಪುರದವರನ್ನು ಮಂಗಳೂರಿನವರೆಂದು ಕರೆಯುವುದು ಅಷ್ಟು ದೊಡ್ಡ ಅಪರಾಧವಲ್ಲ. ಆದರೆ ಅದನ್ನು ತಿದ್ದದೆ ಯಾರೂ ಬಿಡುವುದೂ ಇಲ್ಲ.

ಈಗ ನಿಜವಾಗಿ ಗಾಯವಿರುವ ಜಾಗಗಳಿಗೆ ಬರೋಣ. ನಟ್ಟಿಯ ಬಗ್ಗೆ ಕೇಳಬಹುದೆಂದೆ. ಆದರೆ 'ಎಷ್ಟು ಗದ್ದೆ ಇದೆ' ಎಂದು ಕೇಳಬಾರದು, 'ಮೊದಲಿನಿಂದಲೂ ನಿಮ್ಮದೇ ಭೂಮಿಯಾ' ಎಂದಂತೂ ಕೇಳಲೇಬಾರದು. ಸಂಬಳದ ಮೊತ್ತ ಕೇಳುವುದು ಎಲ್ಲ ಕಡೆಯೂ ಅಸಭ್ಯ. ಇಲ್ಲಿ ಗದ್ದೆಯ ಪ್ರಶ್ನೆಗೆ ಅದಕ್ಕಿಂತ ಹೆಚ್ಚಿನ ಇತಿಹಾಸವಿದೆ. ಗೇಣಿ ಬೇಸಾಯ ವ್ಯಾಪಕವಾಗಿದ್ದ ಅವಿಭಜಿತ ದಕ್ಷಿಣ ಕನ್ನಡದಲ್ಲಿ, 1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಕಾಯ್ದೆ ಮನೆಮನೆಯ ಬದುಕನ್ನು ಬದಲಿಸಿತು. ಉಳುತ್ತಿದ್ದವರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿದರು. ಜನರ ಬಾಯಲ್ಲಿ ಅದು 'ಡಿಕ್ಲರೇಶನ್'. ಭೂನ್ಯಾಯಮಂಡಳಿಯೆದುರು ಒಡೆಯರೂ ಒಕ್ಕಲೂ ಮುಖಾಮುಖಿ ನಿಂತರು. ಅಲ್ಲಿಯವರೆಗೆ ಅಕ್ಕಿ ಮುಡಿ ಹೊತ್ತು ಅಂಗಳದಾಚೆ ನಿಲ್ಲುತ್ತಿದ್ದವರು ಭೂಮಿಯ ಯಜಮಾನರಾದರು. ಗೇಣಿಯನ್ನೇ ನೆಚ್ಚಿಕೊಂಡಿದ್ದ ಎಷ್ಟೋ ಮನೆಗಳು, ಅದರಲ್ಲಿ ವಿಧವೆಯರ ಸಣ್ಣ ಮನೆಗಳೂ ಇದ್ದವು, ಬರಿಗೈಯಾದವು.

ನ್ಯಾಯವಾಗಿಯೇ ಆದ ಬದಲಾವಣೆ ಅದು ಎಂಬುದು ನನ್ನ ಅಭಿಪ್ರಾಯ. ಆದರೆ ಅಭಿಪ್ರಾಯ ಹೇಳಲು ಬಸ್ಸಿನ ಸೀಟು ತಕ್ಕ ಜಾಗವಲ್ಲ; ಏಕೆಂದರೆ ಆ ಎರಡೂ ಮನೆಗಳ ಮೊಮ್ಮಕ್ಕಳು ಇಂದು ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕುಳಿತಿರುತ್ತಾರೆ. 'ನಮ್ಮದು ಡಿಕ್ಲರೇಶನ್‌ನಲ್ಲಿ ಹೋಯಿತು' ಎಂದು ಒಬ್ಬರು ನಿಟ್ಟುಸಿರಿಟ್ಟರೆ ಪಕ್ಕದವರ ಅಜ್ಜ ಬದುಕಿನಲ್ಲಿ ಮಾಡಿದ ಒಂದೇ ಧೈರ್ಯದ ಕೆಲಸವನ್ನು ಕಳ್ಳತನವೆಂದು ಕರೆದಂತಾಗುತ್ತದೆ. ಸಾಲಕ್ಕಾಗಿ ಆರ್‌ಟಿಸಿ ಹಿಡಿದು ಬಂದವರೊಡನೆ ನಾನು ಕಾಗದದಲ್ಲಿರುವುದನ್ನು ಮಾತ್ರ ಓದುತ್ತಿದ್ದೆ. ಕಾಗದ ಹೇಗೆ ಬಂತೆಂಬ ಕಥೆಯನ್ನು ಅವರಾಗಿ ಹೇಳಿದರೆ ಕೇಳುತ್ತಿದ್ದೆ. ಕಾಯ್ದೆಯ ಕಥೆ ಸಾಲದೆಂಬಂತೆ ಈಗ ಅಣ್ಣತಮ್ಮಂದಿರ, ಅಕ್ಕತಂಗಿಯರ ಪಾಲಿನ ವ್ಯಾಜ್ಯಗಳೂ ಸೇರಿಕೊಂಡಿವೆ. 'ನಿಮ್ಮ ಮೂಲ ನಾಗಬನ ಎಲ್ಲಿ' ಎಂಬ ಭಕ್ತಿಯ ಪ್ರಶ್ನೆ ಕೂಡ ಎಷ್ಟೋ ಸಲ ಕೋರ್ಟಿನ ಕಟ್ಟೆಗೆ ತಂದು ನಿಲ್ಲಿಸುತ್ತದೆ.

ಮಕ್ಕಳ ಮಾತು ಇನ್ನೊಂದು. 'ಮಕ್ಕಳು ಎಂತ ಮಾಡ್ಕಂಡ್ ಇದ್ರ್' ಎಂಬುದು ಒಂದು ಕಾಲಕ್ಕೆ ಮಳೆಯಷ್ಟೇ ನಿರುಪದ್ರವಿಯಾಗಿತ್ತು. ಈಗ ಅದನ್ನು ಅಲ್ಲಿಗೇ ನಿಲ್ಲಿಸಬೇಕು. ಊರಿನಲ್ಲೇ ಉಳಿದು ಬೇಸಾಯವನ್ನೋ ಪೌರೋಹಿತ್ಯವನ್ನೋ ನೋಡಿಕೊಳ್ಳುವ ಗಂಡುಮಕ್ಕಳಿಗೆ ಹೆಣ್ಣು ಸಿಗದ ಮನೆಗಳು ಬಹಳವಿವೆ. 'ಮಗನಿಗೆ ಮದುವೆ ಆಯ್ತಾ' ಎಂಬ ಎರಡನೆಯ ಪ್ರಶ್ನೆಗೆ ತಾಯಂದಿರು 'ಇನ್ನೂ ಇಲ್ಲೆ, ಕಾಂಬ' ಎನ್ನುವಾಗಿನ ಧ್ವನಿಯನ್ನು ಕೇಳಿದವರು ಮತ್ತೆಂದೂ ಆ ಪ್ರಶ್ನೆ ಕೇಳಲಾರರು.

ಪರಊರಿನಲ್ಲಿ ಹೋಟೆಲು ಇಟ್ಟವರ, ಹೋಟೆಲಿನಲ್ಲಿ ದುಡಿಯುವವರ ನಾಡು ಇದು. ಮುಂಬಯಿಯಿಂದಲೋ ಕೊಲ್ಲಿ ದೇಶದಿಂದಲೋ ಬಂದವರನ್ನು 'ಯಾವಾಗ ಬಂದದ್ದ್?' ಎಂದು ಕೇಳುವುದು ಸ್ವಾಗತವೇ ಆಗಿತ್ತು. ಅದರ ಜೋಡಿ ಪ್ರಶ್ನೆ 'ಯಾವಾಗ ಹೋಪ್ದ್?' ಎಂಬುದು ಮಾತ್ರ ಕೊಂಚ ಮುಳ್ಳಿನದು. ಕೆಲಸ ಹೋಗಿ ಬಂದವರು, ಹೋಟೆಲು ಮುಚ್ಚಿ ಬಂದವರು ಆ ಪ್ರಶ್ನೆಗೆ ಸುಳ್ಳು ಹೇಳಬೇಕಾಗುತ್ತದೆ. 2020ರ ಮೇ ತಿಂಗಳಲ್ಲಿ ಮೊದಲನೆಯ ಪ್ರಶ್ನೆಯೂ ಕೆಟ್ಟಿತು. ಲಾಕ್‌ಡೌನಿನಲ್ಲಿ ಕೆಲಸ ಕಳೆದುಕೊಂಡವರು ಪಾಸು ಹಿಡಿದು ಮಹಾರಾಷ್ಟ್ರದಿಂದ ಬಸ್ಸು, ಕಾರುಗಳಲ್ಲಿ ಬಂದಿಳಿದರು. ಅವರನ್ನು ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನಿನಲ್ಲಿ ಇರಿಸಲಾಯಿತು. ಜೂನ್ ಆರಂಭದ ಹೊತ್ತಿಗೆ ಉಡುಪಿ ಜಿಲ್ಲೆ ರಾಜ್ಯದಲ್ಲಿ ಅತಿ ಹೆಚ್ಚು ಪ್ರಕರಣಗಳಿರುವ ಜಿಲ್ಲೆಗಳ ಸಾಲಿಗೆ ಸೇರಿತು. ಊರ ದೇವಸ್ಥಾನಕ್ಕೆ, ಶಾಲೆಗೆ, ಯಕ್ಷಗಾನಕ್ಕೆ ವರ್ಷವರ್ಷವೂ ಹಣ ಕಳಿಸಿದವರನ್ನು ಅಂಗಡಿಯೆದುರು 'ಯಾವಾಗ ಬಂದದ್ದ್' ಎಂದು ನಾಲ್ಕು ಹೆಜ್ಜೆ ಹಿಂದೆ ಸರಿದು ಕೇಳಲಾಯಿತು. ಅದೇ ಶಬ್ದಗಳು, ಅದೇ ಭಾಷೆ, ಆದರೆ ಆ ಸಲ ಅದು ಗಡಿ ತಪಾಸಣೆಯಾಗಿತ್ತು. ಆ ವರ್ಷ ಬಂದವರೊಡನೆ ಆ ಪ್ರಶ್ನೆಯನ್ನು ನಾನು ಇಂದಿಗೂ ಬಳಸುವುದಿಲ್ಲ. 'ಊರು ಹೇಗನಿಸುತ್ತದೆ' ಎಂದು ಕೇಳುತ್ತೇನೆ.

ಧರ್ಮ, ಚುನಾವಣೆಗಳ ಬಗ್ಗೆ ಹೆಚ್ಚು ವಿವರಣೆ ಬೇಕಿಲ್ಲ. ಆದರೂ ಒಂದು ಘಟನೆಯನ್ನು ಹೇಳಲೇಬೇಕು. 2022ರ ಫೆಬ್ರವರಿ ಆರಂಭದಲ್ಲಿ ಕುಂದಾಪುರದ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟು ಹಿಜಾಬ್ ಧರಿಸಿ ಬಂದ ವಿದ್ಯಾರ್ಥಿನಿಯರೆದುರು ಮುಚ್ಚಿಕೊಂಡಿತು. ಆ ದೃಶ್ಯ ದೇಶವೆಲ್ಲ ಕಂಡ ಸುದ್ದಿಯಾಯಿತು. ಮಾರ್ಚ್ 15ರಂದು ಹೈಕೋರ್ಟ್ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ಅದಾದ ಮೇಲೆ ಕೆಲವು ತಿಂಗಳು, ಹೊರಊರಿನವರು ಯಾರೇ ಕುಂದಾಪುರದವರನ್ನು ಕಂಡರೂ ಮೊದಲು ಕೇಳುತ್ತಿದ್ದದ್ದು ಅದನ್ನೇ: 'ನಿಮ್ಮೂರಲ್ಲಿ ಏನದು ಗಲಾಟೆ?' ಕೇಳಿದವರಿಗೆ ಕುತೂಹಲವಷ್ಟೇ. ಉತ್ತರಿಸಬೇಕಾದವರು ಮಾತ್ರ, ಕೇಳುವವರು ಯಾವ ಕಡೆಯವರೆಂದು ಮೊದಲು ಅಳೆಯಬೇಕಿತ್ತು. ಗಂಗೊಳ್ಳಿ, ಶಿರೂರಿನ ಮುಸ್ಲಿಂ ವ್ಯಾಪಾರಿಗಳ ಅಂಗಡಿಯೆದುರು ನಡೆಯುತ್ತಿದ್ದ ಮಾತುಕತೆ ಆ ದಿನಗಳಲ್ಲಿ ಚುಟುಕಾದುದನ್ನು ನಾನೇ ಕಂಡಿದ್ದೇನೆ. ಚಿಲ್ಲರೆ ಕೊಟ್ಟು ಮಾತು ಮುಗಿಸುತ್ತಿದ್ದರು. ಮತ್ತೆ ಮಾತು ಹತ್ತಿದ್ದು ಮಳೆ ಬಂದ ಮೇಲೆ; ಮಳೆ ಎಲ್ಲರ ಅಂಗಡಿಯ ಶೀಟಿನ ಮೇಲೂ ಬೀಳುತ್ತದಷ್ಟೆ.

ಅರ್ಥಕ್ಕಾಗಿಯಲ್ಲದೆ ಜನರನ್ನು ಹತ್ತಿರ ತರಲೆಂದೇ ಆಡುವ ಇಂಥ ಮಾತುಗಳನ್ನು ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮ್ಯಾಲಿನೋವ್ಸ್ಕಿ 1923ರಷ್ಟು ಹಿಂದೆಯೇ ಗುರುತಿಸಿ ಅದಕ್ಕೊಂದು ಹೆಸರು ಕೊಟ್ಟಿದ್ದ. ಅವುಗಳಲ್ಲಿ ಮಾಹಿತಿಯಿಲ್ಲವೆಂಬುದು ಅವನ ವಾದದ ತಿರುಳು. ಕುಂದಾಪುರದ ಬಸ್ಸಿನಲ್ಲಿ ಅವನು ಒಂದು ಸಲ ಕುಳಿತಿದ್ದರೆ ಸ್ವಲ್ಪ ತಿದ್ದಿಕೊಳ್ಳುತ್ತಿದ್ದನೇನೋ.

ಎಡವಿದ್ದು ತಿಳಿಯುವುದು ಹೇಗೆ? ಇಲ್ಲಿನವರು ಮುಖಕ್ಕೆ ಹೊಡೆದಂತೆ ಹೇಳುವುದಿಲ್ಲ. ಮೊದಲ ಸೂಚನೆ ಭಾಷೆಯಲ್ಲಿ ಕಾಣುತ್ತದೆ. ಅಲ್ಲಿಯವರೆಗೆ 'ಹೋಪ್ದ್, ಬಪ್ದ್' ಎನ್ನುತ್ತಿದ್ದವರು ಇದ್ದಕ್ಕಿದ್ದಂತೆ 'ಹೌದು, ಹಾಗಿರಬಹುದು' ಎಂದು ಪುಸ್ತಕದ ಕನ್ನಡಕ್ಕೆ ಏರಿದರೆ ಬಾಗಿಲು ಹಾಕಿಕೊಂಡಿತೆಂದು ಅರ್ಥ. ಎರಡನೆಯದು, ನೀವು ಕೇಳಿದ್ದಕ್ಕೆ ಉತ್ತರ ಬರುತ್ತದೆ ಆದರೆ ಮರುಪ್ರಶ್ನೆ ಬರುವುದಿಲ್ಲ. ಆಗ ಕ್ಷಮೆ ಕೇಳಿ ವಿವರಣೆ ಕೊಡಹೊರಟರೆ ಗಾಯ ಇನ್ನಷ್ಟು ದೊಡ್ಡದಾಗುತ್ತದೆ. ಕಿಟಕಿಯ ಕಡೆ ನೋಡಿ ಮೋಡದ ಬಗ್ಗೆ ಒಂದು ಮಾತು ಹೇಳಿದರೆ ಸಾಕು. ಎದುರಿನವರು ಅದನ್ನು ಕೂಡಲೇ ಹಿಡಿದುಕೊಳ್ಳುತ್ತಾರೆ.

ಆ ದಿನ ಹೆಮ್ಮಾಡಿ, ತಲ್ಲೂರು ಕಳೆದು ಬಸ್ಸು ಕುಂದಾಪುರದ ಸಂಗಮ್ ಸೇತುವೆಯ ಮೇಲೆ ಬಂದಾಗ ಅವರು ಕೊಡೆ ಹುಡುಕಿಕೊಂಡರು. ಅವರ ಊರು, ಅವರ ಗದ್ದೆಯ ಯಂತ್ರ ಹೂತ ಜಾಗ, ಅವರು ಮೆಚ್ಚುವ ಭಾಗವತರು ಎಲ್ಲ ನನಗೆ ಗೊತ್ತಾಗಿತ್ತು. ಹೆಸರು ಕೇಳಿರಲಿಲ್ಲ, ಅವರೂ ನನ್ನ ಹೆಸರು ಕೇಳಿರಲಿಲ್ಲ. ಹೆಸರಿನ ಬಾಲದಲ್ಲಿ ಜಾತಿಯಿರುವ ನಾಡಿನಲ್ಲಿ ಮೂವತ್ತು ಕಿಲೊಮೀಟರಿಗೆ ಅದರ ಅಗತ್ಯವೂ ಬಿದ್ದಿರಲಿಲ್ಲ. 'ಬತ್ತೆ ಅಕಾ' ಎಂದರು. 'ಅಕ್ಕು, ಕಾಂಬ' ಎಂದೆ.